ಕಿಟಕಿ ಮೇಲೊಂದು ಬೆಲ್ಟ್, ಕೆಳಗೊಂದು ಬೆಲ್ಟ್: ಇಟ್ಟಂಗಿ ಮನೆಗೆ ಇದು ಬೇಕಾ?

ಪ್ರಶ್ನೆ: ಸರ್, ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಎರೆ ನೆಲ. 30×20 ಅಡಿ ಮನೆ ಕಟ್ಟಿಸ್ತಾ ಇದೀನಿ. 9 ಇಂಚಿನ ಇಟ್ಟಂಗಿ ಗೋಡೆ, ಪಿಲ್ಲರ್ ಇಲ್ಲ, ಮೇಲೆ ಆರ್‌ಸಿಸಿ. ಒಂದು ಹಾಲು, ಹಿಂದೆ ಒಂದು ರೂಮು. ಗೋಡೆ ಎರಡೂವರೆ ಅಡಿ ಎದ್ದಿದೆ. ಕಿಟಕಿ ಕೆಳಗೂ ಮೇಲೂ ಸುತ್ತ ಕಾಂಕ್ರೀಟ್ ಬೆಲ್ಟ್ ಹಾಕಿಸು ಮಾವ, ಭೂಕಂಪಕ್ಕೆ ಒಳ್ಳೇದು ಅಂತಾನೆ ಅಳಿಯ. ಮೇಸ್ತ್ರಿ ಮಾತ್ರ, ಬಾಗಿಲು ಕಿಟಕಿ ಮೇಲೆ ಲಿಂಟಲ್ ಹಾಕಿದ್ರೆ ಸಾಕು, ನಮ್ಮ ಕಡೆ ಭೂಕಂಪ ಎಲ್ಲಿ ಆಗುತ್ತೆ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಅಳಿಯನ ಮಾತು ಕೇಳಿ. ಮೇಲಿನ ಬೆಲ್ಟ್ ಬಿಡಲೇಬಾರದು. ಕೆಳಗಿನದು ಎರಡನೇ ದರ್ಜೆಯದು. ಆದರೂ ನಿಮ್ಮ ಗೋಡೆ ಸರಿಯಾಗಿ ಅದನ್ನು ಹಾಕುವ ಎತ್ತರಕ್ಕೇ ಬಂದು ನಿಂತಿದೆ, ಹಾಗಾಗಿ ಅದನ್ನೂ ಹಾಕಿಸಿ ಅಂತಲೇ ಹೇಳುತ್ತೇನೆ.

ಮೇಸ್ತ್ರಿ ಹೇಳುವುದರಲ್ಲಿ ಅರ್ಧ ನಿಜ ಇದೆ. ಭೂಕಂಪ ಸಂಹಿತೆಯ 2016ರ ಭೂಪಟದಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಎರಡನೇ ವಲಯದಲ್ಲಿವೆ. ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ನೆಲಸಮ ಆಯಿತಲ್ಲ, ಆಗಿನ ಭೂಪಟದಲ್ಲಿ ಆ ಊರೂ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ರಾಯಚೂರಿನಿಂದ ನೇರ ಗೆರೆ ಎಳೆದರೆ ಅದು 200 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇನ್ನು 1843ರ ಏಪ್ರಿಲ್‌ನಲ್ಲಿ ಬಳ್ಳಾರಿ ಸೀಮೆಯಲ್ಲೇ ನೆಲ ನಡುಗಿದ ದಾಖಲೆ ಇದೆ. ನಿಮ್ಮ ಜೀವಮಾನದಲ್ಲಿ ಅಂಥದ್ದು ಆಗದೇ ಇರಬಹುದು. ಆದರೆ ಮನೆ ನಿಮಗಿಂತ ಜಾಸ್ತಿ ವರ್ಷ ನಿಲ್ಲಬೇಕು, ಅಲ್ವಾ?

ಈಗ ಗೋಡೆಯ ವಿಷಯಕ್ಕೆ ಬರೋಣ. ಒಂದು ಇಟ್ಟಂಗಿಯನ್ನು ಉದ್ದುದ್ದಕ್ಕೆ ನಿಲ್ಲಿಸಿ. ಅದರ ಅಗಲದ ಕಡೆಯಿಂದ ಬೆರಳಲ್ಲಿ ತಳ್ಳಿದರೆ ಸುಲಭವಾಗಿ ಬೀಳುತ್ತದೆ. ಸಣ್ಣ ಅಂಚಿನ ಕಡೆಯಿಂದ ತಳ್ಳಿದರೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಗೋಡೆಯೂ ಹೀಗೇ. ತನ್ನ ಉದ್ದದ ದಿಕ್ಕಿನಲ್ಲಿ ಅಲುಗಿದರೆ ಅದು ಗಟ್ಟಿ. 9 ಇಂಚು ದಪ್ಪದ ದಿಕ್ಕಿನಲ್ಲಿ ಅಲುಗಿದರೆ ಬಡಕಲು. ಭೂಕಂಪ ಯಾವ ದಿಕ್ಕಿನಿಂದ ಬಂದರೂ ಮನೆಯ ಎರಡು ಗೋಡೆ ಗಟ್ಟಿ ದಿಕ್ಕಿನಲ್ಲಿರುತ್ತವೆ, ಇನ್ನೆರಡು ಬಡಕಲು ದಿಕ್ಕಿನಲ್ಲಿರುತ್ತವೆ. ಗಟ್ಟಿ ಗೋಡೆಗಳು ಬಡಕಲು ಗೋಡೆಗಳನ್ನು ಹಿಡಿದುಕೊಂಡರೆ ಮನೆ ಒಂದು ಪೆಟ್ಟಿಗೆಯ ಹಾಗೆ ಅಲುಗಿ ನಿಲ್ಲುತ್ತದೆ. ಹಿಡಿದುಕೊಳ್ಳದಿದ್ದರೆ ಮೊದಲು ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಬಿರುಕು ಬಿಡುತ್ತದೆ, ಆಮೇಲೆ ಬಡಕಲು ಗೋಡೆ ಹೊರಕ್ಕೆ ಮಗುಚುತ್ತದೆ, ಅದರ ಮೇಲಿದ್ದದ್ದು ಒಳಕ್ಕೆ ಕುಸಿಯುತ್ತದೆ.

ನಿಮ್ಮ ಮನೆಯನ್ನೇ ತೆಗೆದುಕೊಳ್ಳಿ. ಹಾಲಿನ ಕೊನೆಗೆ 20 ಅಡಿ ಬದಿಯ ಗೋಡೆ ಇದೆ. ಒಳಗಳತೆ 18½ ಅಡಿ, ಎತ್ತರ 10 ಅಡಿ. ನಡುವೆ ಅದನ್ನು ಹಿಡಿಯುವ ಅಡ್ಡಗೋಡೆ ಇಲ್ಲ. ಕಿಟಕಿಯ ಜಾಗ ಕಳೆಯದೆ ಲೆಕ್ಕ ಹಾಕಿದರೆ ಅದರ ತೂಕ ಏಳೂವರೆ ಟನ್ ಆಗುತ್ತದೆ. ನಿಮ್ಮ ವಲಯಕ್ಕೆ ಸಂಹಿತೆ ಇಟ್ಟಿರುವ ಅಂಕಿ 0.10. ನೆಲ ಅಷ್ಟು ಜೋರಾಗಿ ಅಲುಗಿದರೆ ಗೋಡೆಯ ತೂಕದ ಹತ್ತರಲ್ಲೊಂದು ಪಾಲು, ಅಂದರೆ 750 ಕೆಜಿ ಆಸುಪಾಸು, ಅದನ್ನು ಅಡ್ಡಕ್ಕೆ ತಳ್ಳಿದ ಹಾಗೆ. ಅದೂ ಒಂದು ಸಲ ಹೊರಕ್ಕೆ, ಒಂದು ಸಲ ಒಳಕ್ಕೆ. ಇಟ್ಟಂಗಿ ಗೋಡೆ ಮೇಲಿಂದ ಬರುವ ಭಾರ ಎಷ್ಟಾದರೂ ಹೊರುತ್ತದೆ. ಆದರೆ ಎಳೆತ ತಡೆಯುವ ಶಕ್ತಿ ಗಾರೆಯ ಸಂದಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೋಡೆ ಬಾಗಿದ ತಕ್ಷಣ ಒಂದು ಮೈಯಲ್ಲಿ ಎಳೆತ ಹುಟ್ಟುತ್ತದೆ, ಸಂದಿ ಬಿಡುತ್ತದೆ.

ಕಿಟಕಿ ಮೇಲಿನ ಬೆಲ್ಟ್, ಅಂದರೆ ಲಿಂಟಲ್ ಬೆಲ್ಟ್, ಅಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, 18½ ಅಡಿ ಗೋಡೆಯ ಮೇಲಿನ ಭಾಗಕ್ಕೆ ಮಲಗಿಸಿದ ಬೀಮಿನ ಹಾಗೆ ಬೆನ್ನು ಕೊಟ್ಟು, ತಳ್ಳುವ ಬಲವನ್ನು ಎರಡು ತುದಿಯ ಮೂಲೆಗಳಿಗೆ ಒಯ್ಯುತ್ತದೆ. ಎರಡು, ಆ ಮೂಲೆಗಳಲ್ಲಿ ಪಕ್ಕದ ಗೋಡೆ ಬಿಟ್ಟುಹೋಗದ ಹಾಗೆ ಎಳೆದು ಹಿಡಿಯುತ್ತದೆ. ಬಂಡಿ ಗಾಲಿಗೆ ಕಾಯಿಸಿ ತೊಡಿಸುವ ಕಬ್ಬಿಣದ ಪಟ್ಟಿ ನೋಡಿದ್ದೀರಲ್ಲ? ಗಾಲಿಯ ಮರದ ತುಂಡುಗಳು ಬಿಚ್ಚಿಕೊಳ್ಳದೇ ಇರುವುದು ಆ ಪಟ್ಟಿಯಿಂದ. ಅದನ್ನು ಒಂದು ಕಡೆ ಕತ್ತರಿಸಿದರೆ ಉಳಿದದ್ದು ಎಷ್ಟೇ ದಪ್ಪ ಇದ್ದರೂ ಉಪಯೋಗಕ್ಕೆ ಬರಲ್ಲ. ಬಾಗಿಲು ಕಿಟಕಿ ಮೇಲೆ ಮಾತ್ರ ಹಾಕುವ ತುಂಡು ಲಿಂಟಲ್‌ಗಳು ಹೀಗೆ ಕತ್ತರಿಸಿದ ಪಟ್ಟಿಯ ಚೂರುಗಳು. ತಮ್ಮ ಮೇಲಿನ ಇಟ್ಟಂಗಿಯ ಭಾರ ಹೊರುತ್ತವೆ. ಮೂಲೆಗೆ ಅವುಗಳಿಂದ ಏನೂ ಸಿಗುವುದಿಲ್ಲ.

ಹಾಗಾದರೆ ಕಿಟಕಿ ಕೆಳಗಿನ ಬೆಲ್ಟ್, ಅಂದರೆ ಸಿಲ್ ಬೆಲ್ಟ್, ಯಾಕೆ? ಗೋಡೆ ಉದ್ದದ ದಿಕ್ಕಿನಲ್ಲಿ ಅಲುಗುವಾಗ ಪೆಟ್ಟು ತಿನ್ನುವುದು ಕಿಟಕಿ ಕಿಟಕಿಯ ನಡುವಿನ, ಕಿಟಕಿ ಬಾಗಿಲ ನಡುವಿನ ಗೋಡೆ ತುಂಡುಗಳು. ಭೂಕಂಪ ಆದ ಊರುಗಳಲ್ಲಿ ಆ ತುಂಡುಗಳ ಮೇಲೆ ಗುಣಾಕಾರ ಚಿಹ್ನೆಯ ಹಾಗೆ ಅಡ್ಡಬಿರುಕು ಕಾಣುತ್ತದೆ. ಬಿರುಕು ಶುರುವಾಗುವುದು ಕಿಟಕಿಯ ಮೂಲೆಯಿಂದ. ಮೇಲಿನ ಮೂಲೆಯಿಂದ ಹೊರಟದ್ದನ್ನು ಲಿಂಟಲ್ ಬೆಲ್ಟ್ ತಡೆಯುತ್ತದೆ. ಕೆಳಗಿನ ಮೂಲೆಯಿಂದ ಹೊರಟದ್ದು ಓರೆಯಾಗಿ ತಳಪಾಯದ ತನಕ ಇಳಿಯುತ್ತದೆ, ಯಾಕೆಂದರೆ ಅಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಸಿಲ್ ಬೆಲ್ಟ್ ಇದ್ದರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಲಾಭವೂ ಇದೆ. ತಳದಿಂದ ಲಿಂಟಲ್ ತನಕ 7 ಅಡಿ ಬೆಂಬಲವಿಲ್ಲದ ಗೋಡೆ ಈಗ 3 ಅಡಿ, 4 ಅಡಿಯ ಎರಡು ತುಂಡಾಗುತ್ತದೆ. ಗಿಡ್ಡ ತುಂಡು ಅಷ್ಟು ಸುಲಭಕ್ಕೆ ಉಬ್ಬುವುದಿಲ್ಲ. 2015ರ ಭೂಕಂಪ ಆದಮೇಲೆ ನೇಪಾಳದಲ್ಲಿ ಮತ್ತೆ ಕಟ್ಟಿಸಿದ ಇಟ್ಟಂಗಿ, ಕಲ್ಲಿನ ಮನೆಗಳಲ್ಲಿ ಈ ಬೆಲ್ಟ್ ಮಾಮೂಲು.

ಆದರೆ ಸಿಲ್ ಬೆಲ್ಟ್‌ಗೆ ಒಂದು ಹುಟ್ಟು ಕೊರತೆ ಇದೆ. ಬಾಗಿಲು ಅದನ್ನು ಕಡಿದುಹಾಕುತ್ತದೆ. ನಿಮ್ಮ ಮನೆಗೆ ಮುಂಬಾಗಿಲು, ಹಿತ್ತಲ ಬಾಗಿಲು, ನಡುಬಾಗಿಲು ಹೀಗೆ ಮೂರು ಬಾಗಿಲು ಎಂದಿಟ್ಟುಕೊಳ್ಳೋಣ. ಮುಂದಿನ ಗೋಡೆಯಲ್ಲೊಂದು, ಹಿಂದಿನ ಗೋಡೆಯಲ್ಲೊಂದು ಕಡಿತ ಬಿದ್ದರೆ ಹೊರಗಿನ ಸುತ್ತು ಎರಡು ತುಂಡಾಯಿತು. ಲಿಂಟಲ್ ಬೆಲ್ಟ್ ಬಾಗಿಲ ಮೇಲೆ ಹಾದು ಹೋಗುವುದರಿಂದ ಅದಕ್ಕೆ ಕಡಿತವೇ ಇಲ್ಲ. ಅದಕ್ಕೇ ನಾನು ಎರಡನ್ನೂ ಸಮ ಎಂದು ಹೇಳುವುದಿಲ್ಲ. ಲಿಂಟಲ್ ಬೆಲ್ಟ್ ಇಲ್ಲದೆ ಬರೀ ಸಿಲ್ ಬೆಲ್ಟ್ ಹಾಕಿದರೆ ದುಡ್ಡು ದಂಡ.

ಮೇಲೆ ಆರ್‌ಸಿಸಿ ಛಾವಣಿ ಇರುವುದರಿಂದ ಛಾವಣಿ ಮಟ್ಟಕ್ಕೆ ಬೇರೆ ಬೆಲ್ಟ್ ಬೇಡ. ಸ್ಲ್ಯಾಬ್ ಗೋಡೆಯ ಪೂರ್ತಿ ದಪ್ಪದ ಮೇಲೆ ಕೂತರೆ ಅದೇ ಬೆಲ್ಟ್ ಆಗುತ್ತದೆ. ಶೀಟು ಹಾಕುವವರು, ಕಂಬಿ ಮೇಲೆ ಕಲ್ಲು ಚಪ್ಪಡಿ ಹಾಸುವವರು ಮಾತ್ರ ಅಲ್ಲೂ ಒಂದು ಬೆಲ್ಟ್ ಹಾಕಬೇಕು.

ಇನ್ನು ಅಳತೆ. ಇಟ್ಟಂಗಿ ಮನೆಗಳ ಸಂಹಿತೆ ಐಎಸ್ 4326ರ ಪ್ರಕಾರ ಬೆಲ್ಟ್‌ನ ಅಗಲ ಗೋಡೆಯಷ್ಟೇ, ದಪ್ಪ ಕಡಿಮೆ ಅಂದರೂ 75 ಮಿ.ಮೀ., ಅಂದರೆ 3 ಇಂಚು. ಒಳಗೆ ಕನಿಷ್ಠ 8 ಮಿ.ಮೀ.ನ ಎರಡು ಉದ್ದ ರಾಡು, ಅವನ್ನು ಕಟ್ಟಲು 150 ಮಿ.ಮೀ.ಗೊಂದು 6 ಮಿ.ಮೀ. ಅಡ್ಡ ಕೊಂಡಿ. ನಿಮ್ಮ ಹಾಲಿನ ಗೋಡೆ 5 ಮೀಟರ್ ದಾಟಿರುವುದರಿಂದ ಲಿಂಟಲ್ ಬೆಲ್ಟ್‌ಗೆ ನಾನು 10 ಮಿ.ಮೀ. ರಾಡು ಹಾಕಿಸುತ್ತೇನೆ. ನಿಮ್ಮ ವಲಯಕ್ಕೆ 8 ಸಾಕಾಗುತ್ತದೆ, ನಿಜ. ಆದರೆ ಹಳ್ಳಿ ಕೆಲಸದಲ್ಲಿ ಆಗುವ ಸಣ್ಣಪುಟ್ಟ ತಪ್ಪಿಗೆ ಸ್ವಲ್ಪ ಜಾಸ್ತಿಯೇ ಹಾಕುವುದು ನನ್ನ ರೂಢಿ. ಸಿಲ್ ಬೆಲ್ಟ್‌ಗೆ 8 ಧಾರಾಳ.

ನಿಮ್ಮ ಸಿಲ್ ಬೆಲ್ಟ್‌ನ ಖರ್ಚು ಲೆಕ್ಕ ಹಾಕಿದೆ. ಸುತ್ತಿನ ಗೋಡೆ ನಟ್ಟನಡುವಿನ ಗೆರೆಯಲ್ಲಿ 97 ಅಡಿ, ನಡುಗೋಡೆ 18½ ಅಡಿ, ಒಟ್ಟು ಹತ್ತಿರ ಹತ್ತಿರ 115 ಅಡಿ. ಮೂರು ಬಾಗಿಲಿಗೆ 9½ ಅಡಿ ಕಳೆದರೆ 106 ಅಡಿ. 3 ಇಂಚು ದಪ್ಪಕ್ಕೆ ಕಾಂಕ್ರೀಟ್ ಸುಮಾರು 20 ಘನ ಅಡಿ. 1:1½:3ರ ಪಾಕಕ್ಕೆ ನಾಲ್ಕೂವರೆಯಿಂದ ಐದು ಚೀಲ ಸಿಮೆಂಟು. ರಾಡು, ಕೊಂಡಿ, ಜೋಡಣೆ ಎಲ್ಲಾ ಸೇರಿ 45 ಕೆಜಿ ಕಬ್ಬಿಣ. ಈ ಅಂಕಿಗಳನ್ನು ನಿಮ್ಮ ಅಂಗಡಿಯ ಇವತ್ತಿನ ರೇಟಿನಿಂದ ಗುಣಿಸಿ ನೋಡಿ, ಮೇಸ್ತ್ರಿ ಹೆದರಿಸುವಷ್ಟು ಆಗುವುದಿಲ್ಲ. ಈ ಬೆಲ್ಟ್ ಒಂದು ವರಸೆ ಇಟ್ಟಂಗಿಯ ಜಾಗದಲ್ಲೇ ಕೂರುತ್ತದೆ, ಆ ಇಟ್ಟಂಗಿ ಉಳಿಯಿತು. ಕೆಳಗೆ ಸೆಂಟ್ರಿಂಗ್ ಬೇಡ, ಗೋಡೆಯೇ ತಳ. ಎರಡು ಬದಿಗೆ ಹಲಗೆ ಕೊಟ್ಟರೆ ಆಯಿತು. ಕಿಟಕಿಯ ತಳ 3 ಅಡಿಗೆ ಬರಬೇಕಾದರೆ ಗೋಡೆಯನ್ನು 2 ಅಡಿ 9 ಇಂಚಿಗೆ ನಿಲ್ಲಿಸಬೇಕು. ನೀವು ಎರಡೂವರೆಯಲ್ಲಿದ್ದೀರಿ. ಇನ್ನೊಂದೇ ವರಸೆ.

ಈಗ ಜಾಸ್ತಿ ತಪ್ಪು ನಡೆಯುವ ಜಾಗ. ಬೆಲ್ಟ್ ಹಾಕಿಯೂ ಅದು ಕೆಲಸಕ್ಕೆ ಬಾರದ ಹಾಗೆ ಮಾಡುವುದು ತುಂಬಾ ಸುಲಭ.

ಮೊದಲನೆಯದು ರಾಡಿನ ಜಾಗ. ಬಾರ್ ಬೆಂಡಿಂಗ್ ಮಾಡುವವರ ಕೈಗೆ ಬೀಮಿನ ಅಭ್ಯಾಸ. ಬೀಮಿಗೆ ಭಾರ ಮೇಲಿಂದ ಬರುವುದರಿಂದ ಅವರು ರಾಡನ್ನು ಮೇಲೊಂದು ಕೆಳಗೊಂದು ಇಡುತ್ತಾರೆ. ಬೆಲ್ಟ್‌ಗೆ ಬಲ ಬರುವುದು ಪಕ್ಕದಿಂದ. ಹಾಗಾಗಿ ಎರಡು ರಾಡು ಅಕ್ಕಪಕ್ಕ ಮಲಗಬೇಕು, ಒಂದು ಗೋಡೆಯ ಹೊರಮೈ ಹತ್ತಿರ, ಇನ್ನೊಂದು ಒಳಮೈ ಹತ್ತಿರ. ಎರಡೂ ನಡುವಿಗೆ ಬಂದರೆ ಎಳೆತ ಹುಟ್ಟುವ ಮೈಯ ಹತ್ತಿರ ರಾಡೇ ಇರುವುದಿಲ್ಲ. ವರ್ಷಗಳ ಹಿಂದೆ ಸಿಂಧನೂರು ಕಡೆ ನಾನೇ ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಹೀಗಾಯಿತು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಂದಿಡೀ ಗೋಡೆಗೆ ಒಂದರ ಮೇಲೊಂದು ರಾಡು ಇಟ್ಟು ಕಾಂಕ್ರೀಟ್ ಸುರಿದಿದ್ದರು. ಹಸಿ ಇದ್ದಾಗಲೇ ತೆಗೆಸಿದೆ. ಮನೆಯವರು ಆ ದಿನ ನನಗೆ ಬೈದದ್ದು ಇನ್ನೂ ನೆನಪಿದೆ. ತಪ್ಪು ನನ್ನದೇ, ಹೇಳಿ ಹೋಗಬೇಕಿತ್ತು.

ಎರಡನೆಯದು ಮೂಲೆ. ಭೂಕಂಪ ಮೊದಲು ಬಿಚ್ಚುವುದು ಮೂಲೆಯನ್ನು, ಕೆಲಸಗಾರರು ಅವಸರ ಮಾಡುವುದೂ ಅಲ್ಲೇ. ಒಂದು ಗೋಡೆಯ ರಾಡನ್ನು ಮೂಲೆಗೆ ತಂದು ನಿಲ್ಲಿಸಿ, ಇನ್ನೊಂದು ಗೋಡೆಯ ರಾಡನ್ನು ಅಲ್ಲಿಂದ ಶುರು ಮಾಡಿದರೆ ಅದು ಬೆಲ್ಟ್ ಅಲ್ಲ, ಎರಡು ಕಾಂಕ್ರೀಟ್ ಕಡ್ಡಿ. ಹೊರಮೈ ರಾಡು ಮೂಲೆಯಲ್ಲಿ ಬಾಗಿ ಪಕ್ಕದ ಗೋಡೆಯೊಳಗೆ ಮುಂದುವರಿಯಬೇಕು. ಒಳಮೈ ರಾಡು ಒಳಮೂಲೆಯಲ್ಲೇ ಬಾಗಬಾರದು. ಅದು ನೇರ ಮುಂದೆ ಹೋಗಿ, ಪಕ್ಕದ ಗೋಡೆಯ ಹೊರಮೈ ತನಕ ತಲುಪಿ, ಅಲ್ಲಿ ಬಾಗಿ ಆ ಮೈಯ ಗುಂಟ ಹೋಗಬೇಕು. ಒಳಮೂಲೆಯಲ್ಲೇ ಬಾಗಿಸಿದರೆ ಎಳೆತ ಬಂದಾಗ ರಾಡು ನೆಟ್ಟಗಾಗಲು ನೋಡುತ್ತದೆ, ಮೂಲೆಯ ಕಾಂಕ್ರೀಟನ್ನು ಒಡೆದುಕೊಂಡು ಆಚೆ ಬರುತ್ತದೆ. ಬಾಗಿದ ಮೇಲೆ ಒಂದೂವರೆ ಎರಡು ಅಡಿ ಉದ್ದ ಇರಲಿ. ರಾಡಿಗೆ ರಾಡು ಜೋಡಿಸುವ ಜಾಗವೂ ಮೂಲೆಯಲ್ಲಿ ಬೇಡ, ಗೋಡೆಯ ನಡುವಿನ ಕಡೆ ಮಾಡಿ. 8 ಮಿ.ಮೀ.ಗೆ ಒಂದೂವರೆ ಅಡಿ, 10ಕ್ಕೆ ಎರಡು ಅಡಿ ಒಂದರ ಪಕ್ಕ ಒಂದು ಬರಬೇಕು. ನಡುಗೋಡೆಯ ರಾಡುಗಳನ್ನೂ ಹೀಗೇ ಹೊರಗೋಡೆಯ ಹೊರಮೈ ತನಕ ತಂದು ಬಾಗಿಸಬೇಕು. ನಡುಗೋಡೆಗೆ ಬೆಲ್ಟ್ ಬೇಡ, ಅದು ಒಳಗಿದೆ ಅನ್ನುವ ಮೇಸ್ತ್ರಿಗಳಿದ್ದಾರೆ. 30 ಅಡಿಯ ಎರಡು ಗೋಡೆಗಳನ್ನು ನಡುವೆ ಹಿಡಿದಿರುವುದೇ ಆ ಗೋಡೆ. ಅಲ್ಲಿ ಬಿಟ್ಟರೆ ಅರ್ಧ ಲಾಭ ಬಿಟ್ಟ ಹಾಗೆ.

ಬಾಗಿಲ ಪಕ್ಕದಲ್ಲಿ ಸಿಲ್ ಬೆಲ್ಟ್ ಮುಗಿಯುವ ಕಡೆ ರಾಡನ್ನು ಸುಮ್ನೆ ಕತ್ತರಿಸಿ ಬಿಡಬೇಡಿ. ಹೊರಮೈ ರಾಡನ್ನು ಅಲ್ಲಿ ತಿರುಗಿಸಿ ಒಳಮೈ ರಾಡಾಗಿ ವಾಪಸ್ ತನ್ನಿ. ಬಾಗಿಲ ಅಕ್ಕಪಕ್ಕ ತಳಪಾಯದಿಂದಲೇ ಒಂದು ನಿಂತ ರಾಡು ಎದ್ದಿದ್ದರೆ ಅದಕ್ಕೆ ಕಟ್ಟಬಹುದಿತ್ತು, ಅದೇ ಸರಿಯಾದ ಕ್ರಮ. ನಿಮ್ಮದು ಎರಡೂವರೆ ಅಡಿ ಆಗಿಬಿಟ್ಟಿದೆ. ಈ ವಲಯದ ಒಂದಂತಸ್ತಿನ ಮನೆಗೆ ಅದಕ್ಕೋಸ್ಕರ ಗೋಡೆ ಒಡೆಯಿರಿ ಎಂದು ನಾನು ಹೇಳುವುದಿಲ್ಲ. ಮುಂದೆ ಮೇಲಂತಸ್ತು ಹಾಕುವ ಆಸೆ ಇದ್ದರೆ ಮಾತ್ರ ಈಗಲೇ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಬೆಲ್ಟ್ ಗೋಡೆಯನ್ನು ಅಡ್ಡಕ್ಕೆ ಕಟ್ಟುತ್ತದೆ. ಕಿಟಕಿ ನಡುವಿನ ತುಂಡುಗಳು ಬುಡದಿಂದ ಎದ್ದು ತೂಗಾಡುವುದನ್ನು ತಡೆಯುವುದು ನಿಂತ ರಾಡಿನ ಕೆಲಸ, ಬೆಲ್ಟ್‌ನದ್ದಲ್ಲ.

ಇಟ್ಟಂಗಿ ಕಟ್ಟುವ ರೀತಿಯನ್ನೂ ಇವತ್ತೇ ಹೋಗಿ ನೋಡಿ. ಮುಂದಿನ ಗೋಡೆ ಮೊದಲು ಎಬ್ಬಿಸಿ, ಮೂಲೆಯಲ್ಲಿ ಹಲ್ಲು ಹಲ್ಲಾಗಿ ಇಟ್ಟಂಗಿ ಬಿಟ್ಟು, ಪಕ್ಕದ ಗೋಡೆಯನ್ನು ವಾರ ಬಿಟ್ಟು ಸೇರಿಸುತ್ತಾರಲ್ಲ, ಅದು ಬೇಡ. ಆ ಹಲ್ಲಿನ ಸಂದಿಗೆ ಗಾರೆ ಸರಿಯಾಗಿ ತುಂಬುವುದೇ ಇಲ್ಲ. ಎರಡು ಗೋಡೆಯನ್ನೂ ಒಟ್ಟಿಗೆ ಎಬ್ಬಿಸಲಿ, ಇಲ್ಲವೇ ಮೆಟ್ಟಿಲಿನ ಹಾಗೆ ಇಳಿಜಾರಾಗಿ ಬಿಟ್ಟು ಮುಂದುವರಿಸಲಿ. ಬಿಟ್ಟುಕೊಂಡ ಮೂಲೆಯನ್ನು ಬೆಲ್ಟ್ ಒಂದೇ ಹಿಡಿದು ನಿಲ್ಲಿಸಲಾರದು. ಮೂಲೆಗೆ ತೀರಾ ಅಂಟಿಕೊಂಡು ಕಿಟಕಿ ಇಡಬೇಡಿ, ಒಳಮೂಲೆಯಿಂದ ಒಂದೂವರೆ ಅಡಿಯಾದರೂ ಬಿಡಿ.

ಕಾಂಕ್ರೀಟ್ ಸುರಿಯುವ ಮುಂಚೆ ನೀವೇ ಬೆಲ್ಟ್ ಗುಂಟ ಒಂದು ಸುತ್ತು ನಡೆಯಿರಿ. ಎಂಜಿನಿಯರ್ ಇಲ್ಲದಿದ್ದರೂ ಇದು ನಿಮಗೆ ಗೊತ್ತಾಗುತ್ತದೆ. ಮುಂಬಾಗಿಲ ಪಕ್ಕದಲ್ಲಿ ಒಂದು ರಾಡಿನ ಮೇಲೆ ಬೆರಳಿಟ್ಟು ಹೊರಡಿ. ಲಿಂಟಲ್ ಮಟ್ಟದಲ್ಲಾದರೆ ಬೆರಳು ಎತ್ತದೆ, ಜೋಡಣೆ ಬಂದಲ್ಲಿ ಪಕ್ಕದ ರಾಡಿಗೆ ದಾಟುತ್ತಾ, ಹೊರಟ ಜಾಗಕ್ಕೇ ವಾಪಸ್ ಬರಬೇಕು. ಎಲ್ಲಾದರೂ ಬೆರಳು ಗಾಳಿಯಲ್ಲಿ ನಿಂತರೆ ಅಲ್ಲಿ ಬೆಲ್ಟ್ ಇಲ್ಲ. ರಾಡು ಇಟ್ಟಂಗಿಗೆ ತಾಗಿ ಮಲಗಿದೆಯಾ ನೋಡಿ. ಕೆಳಗೆ ಮತ್ತು ಬದಿಗೆ 20 ಮಿ.ಮೀ. ಕವರ್ ಬ್ಲಾಕ್ ಬೇಕು, ಇಲ್ಲದಿದ್ದರೆ ತೇವ ಏರಿ ರಾಡು ತುಕ್ಕು ಹಿಡಿಯುತ್ತದೆ, ಕಾಂಕ್ರೀಟ್ ಸೀಳುತ್ತದೆ. ಕರೆಂಟಿನ ಪೈಪನ್ನು ಬೆಲ್ಟ್ ಗುಂಟ ಮಲಗಿಸಲು ಬಿಡಬೇಡಿ, 3 ಇಂಚಿನಲ್ಲಿ ಮುಕ್ಕಾಲು ಇಂಚು ಪೈಪಿಗೆ ಕೊಟ್ಟರೆ ಉಳಿಯುವುದೇನು? ನೆಟ್ಟಗೆ ಮೇಲೆ ಹೋಗುವ ಪೈಪಾದರೆ ಸರಿ. ಇಟ್ಟಂಗಿಗೆ ಮೊದಲು ನೀರು ಹೊಡೆಸಿ. ನಿಮ್ಮ ಕಡೆಯ ಬಿಸಿಲಲ್ಲಿ ಒಣ ಇಟ್ಟಂಗಿ ಕಾಂಕ್ರೀಟಿನ ನೀರನ್ನೆಲ್ಲ ಹೀರುತ್ತದೆ. ಸುರಿದ ಮೇಲೆ ಗೋಣಿಚೀಲ ಹಾಸಿ ಒಂದು ವಾರವಾದರೂ ಒದ್ದೆ ಇಡಿ. ಮೇಲಿನ ಇಟ್ಟಂಗಿ ಕೆಲಸ ಮರುದಿನ ಶುರುವಾದರೂ ಬೆಲ್ಟ್‌ನ ಬದಿಗೆ ನೀರು ಬೀಳುತ್ತಿರಲಿ.

ಎರೆ ನೆಲ ಅಂದಿರಿ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಆ ಮಣ್ಣಿನಿಂದಲೂ ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಬರುತ್ತದೆ, ಅದನ್ನು ಈ ಬೆಲ್ಟ್‌ಗಳು ಸ್ವಲ್ಪ ಕಡಿಮೆ ಮಾಡುತ್ತವೆ. ಪೂರ್ತಿ ನಿಲ್ಲಿಸುವುದಿಲ್ಲ, ಅದಕ್ಕೆ ತಳಪಾಯ ಮತ್ತು ಅದರ ಮೇಲಿನ ಪ್ಲಿಂತ್ ಬೆಲ್ಟ್ ಬೇಕು. ನಿಮ್ಮದರಲ್ಲಿ ಪ್ಲಿಂತ್ ಬೆಲ್ಟ್ ಇದೆಯಾ ಎಂದು ಪತ್ರದಲ್ಲಿ ಬರೆದಿಲ್ಲ. ಇಲ್ಲದಿದ್ದರೆ ಸಿಲ್ ಬೆಲ್ಟ್ ಬೇಕೋ ಬೇಡವೋ ಅನ್ನುವ ಮಾತೇ ಬೇಡ, ಹಾಕಿಸಿ. ಮಳೆಯಾದ ತಿಂಗಳುಗಳಲ್ಲಿ ಮುಚ್ಚಿಕೊಂಡು ಬೇಸಿಗೆಯಲ್ಲಿ ಅಗಲವಾಗುವ ಬಿರುಕು ಮುಂದೆ ಕಂಡರೆ ಅದು ಮಣ್ಣಿನದು, ಬೆಲ್ಟ್ ಕೆಟ್ಟಿತು ಎಂದು ಗಾಬರಿಯಾಗಬೇಡಿ.

ಕೊನೆಗೆ ಸಜ್ಜಾ ವಿಷಯ, ಇದನ್ನು ಮೇಸ್ತ್ರಿಗೆ ಓದಿ ಹೇಳಿ. ಕಿಟಕಿ, ಬಾಗಿಲ ಮೇಲೆ ಬೆಲ್ಟ್ ಲಿಂಟಲ್ ಕೆಲಸವನ್ನೂ ಮಾಡಬೇಕು. ಆ ಭಾಗದಲ್ಲಿ ಮಾತ್ರ ದಪ್ಪ 6 ಇಂಚು ಮಾಡಿ, ತಳದಲ್ಲಿ ಲಿಂಟಲ್‌ಗೆ ಬೇಕಾದ ಬೇರೆ ರಾಡು ಕೊಡಿ. ಬೆಲ್ಟ್‌ನ ಎರಡು ರಾಡು ಅದರೊಳಗೆ ಕಡಿತವಿಲ್ಲದೆ ಹಾದು ಹೋಗಲಿ. ಸಜ್ಜಾದ ರಾಡು ಮೇಲ್ಮೈ ಹತ್ತಿರ ಇರಬೇಕು, ಹಿಂದಕ್ಕೆ ಬಂದು ಬೆಲ್ಟ್‌ನೊಳಗೆ ಬಾಗಿ ಸಿಕ್ಕಿಕೊಳ್ಳಬೇಕು. ಅದರ ಮೇಲಿನ ಮೂರು ಅಡಿ ಗೋಡೆ ಕಟ್ಟಿ ಛಾವಣಿಯ ಭಾರ ಕೂರುವ ತನಕ ಸಜ್ಜಾದ ಕೆಳಗಿನ ಆಸರೆ ಕಂಬ ತೆಗೆಯಬಾರದು. ಬೇಗ ತೆಗೆದರೆ ಸಜ್ಜಾ ಬಾಗುವಾಗ ಬೆಲ್ಟನ್ನೂ ಹೊರಕ್ಕೆ ತಿರುಚುತ್ತದೆ.